ಮಾಲೀಕರ ದನಿ

ಗಂಡ ತೀರಿಕೊಂಡ ಮೇಲೆ ಅವಳು ಅಳಲಿಲ್ಲ. ನೆಂಟರು ಬಂದು ಅತ್ತು ಹೋದರು. ಹೋಗುವಾಗ ಬಾಗಿಲ ಬಳಿ ನಿಂತು, 'ಕಲ್ಲು ಮನಸ್ಸು ಬಿಡು ಇವಳದು' ಎಂದು ಅವಳಿಗೆ ಕೇಳಿಸುವಷ್ಟೇ ಮೆಲ್ಲಗೆ ಆಡಿಕೊಂಡರು. ಅದೂ ಅವಳಿಗೆ ತಾಗಲಿಲ್ಲ. ಚಹಾ ಕುಡಿದರೆ ಬಿಸಿಯಿರುವುದು ಗೊತ್ತಾಗುತ್ತಿತ್ತು, ಸಕ್ಕರೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅವರ ಹೊಲಿಗೆ ಅಂಗಡಿ. ಗಂಡ ಬಟ್ಟೆ ಕತ್ತರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಬೀದಿಯವರು ಅವನನ್ನು 'ಪರದೆ ಅಣ್ಣ' ಎಂದೇ ಕರೆಯುತ್ತಿದ್ದುದು. ಹೊಸದಾಗಿ ತೆರೆದ ಆಸ್ಪತ್ರೆಯೊಂದರಲ್ಲಿ ಹಾಸಿಗೆಗಳ ಸುತ್ತ ಕಟ್ಟುವ ಪರದೆಗಳಿಗೆ ಅವನು ದರ ಕೊಟ್ಟು ಬಂದಿದ್ದ. ಅವರಿಗೆ ಒಪ್ಪಿಗೆಯಾಗಿತ್ತು. ಆದರೆ ಮೊದಲ ಬಿಲ್ಲು ತೆಗೆದುಕೊಳ್ಳುವ ಮುಂಚೆ ಅಂಗಡಿಯ ತೆರಿಗೆ ನೋಂದಣಿ, ಬ್ಯಾಂಕ್ ಖಾತೆ ಎರಡನ್ನೂ ಪರಿಶೀಲಿಸಿ ತಮ್ಮ ಪೂರೈಕೆದಾರರ ಪಟ್ಟಿಗೆ ಸೇರಿಸಬೇಕು ಎಂದಿದ್ದರು. ಅವನು ಕಾಗದಗಳನ್ನು ಕಳಿಸಿದ. ಅದಾದ ವಾರದಲ್ಲೇ, ಕತ್ತರಿಸುವ ಮೇಜಿಗೆ ಒರಗಿಕೊಂಡವನು ಹಾಗೆಯೇ ಜಾರಿ ಕೆಳಗೆ ಕೂತ. ಮತ್ತೆ ಏಳಲಿಲ್ಲ.

ಕತ್ತರಿಸಿಟ್ಟ ತಿಳಿಹಸಿರು ಬಟ್ಟೆ ರಾಶಿಯಾಗಿ ಬಿದ್ದಿತ್ತು. ಅವಳು ಹೊಲಿಯುತ್ತಾ ಹೋದಳು. ಗಂಡನ ಮೊಬೈಲನ್ನು ಯಾಕೆಂದು ತಿಳಿಯದೆಯೇ ದಿನಾ ಚಾರ್ಜಿಗೆ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅದು ಹೊಡೆದುಕೊಂಡಿತು.

"ನಮಸ್ಕಾರ, ಆಸ್ಪತ್ರೆ ಲೆಕ್ಕಪತ್ರ ವಿಭಾಗದಿಂದ ಮಾತಾಡ್ತಿದ್ದೀನಿ. ಮಾಲೀಕರು ಇದ್ದಾರಾ?"

"ಇಲ್ಲ."

"ಯಾವಾಗ ಸಿಗ್ತಾರೆ?"

"ನಾಳೆ ಮಾಡಿ" ಅಂದುಬಿಟ್ಟಳು. ಫೋನು ಇಟ್ಟ ಮೇಲೆ, ನಾಳೆ ಏನಾಗುತ್ತದೆ ಎಂದು ತನ್ನನ್ನೇ ಕೇಳಿಕೊಂಡಳು. ಮತ್ತೆ ಹೊಲಿಗೆಗೆ ಕೂತಳು.

ಸಂಜೆ ಮೈದುನ ಬಂದ. ಗಂಡನ ಒಬ್ಬನೇ ತಮ್ಮ, ಸಾಮಾನು ಸಾಗಿಸುವ ವ್ಯಾನು ಓಡಿಸುವವನು. ವಿಷಯ ಕೇಳಿದವನೇ ಕುರ್ಚಿ ಎಳೆದುಕೊಂಡ.

"ಅತ್ತಿಗೆ, ನಾಳೆ ನಾನೇ ಮಾತಾಡ್ತೀನಿ. ಹೆಸರು, ಖಾತೆ ನಂಬರು ಕೇಳ್ತಾರೆ, ಅಷ್ಟೇ ತಾನೆ? ದುಡ್ಡು ಅಣ್ಣನ ಖಾತೆಗೆ ಬೀಳುತ್ತೆ, ಕಾರ್ಡು ನಿಮ್ಮ ಹತ್ರಾನೇ ಇದೆ."

"ಅವರಿಗೆ ಗೊತ್ತಾದ್ರೆ?"

"ಹೆಂಗೆ ಗೊತ್ತಾಗುತ್ತೆ? ಬಟ್ಟೆ ನಮ್ದು, ಹೊಲಿಗೆ ನಿಮ್ದು. ಇದ್ರಲ್ಲಿ ಯಾರ ತಲೆ ಹೊಡೆದಂಗಾಯ್ತು?"

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವನು ಅದನ್ನೇ ಒಪ್ಪಿಗೆ ಅಂದುಕೊಂಡ.

ಮರುದಿನ ಫೋನು ಬಂದಾಗ ಮೈದುನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಆಸ್ಪತ್ರೆಯ ಗುಮಾಸ್ತ ಒಳ್ಳೆ ಮನುಷ್ಯನ ಹಾಗಿದ್ದ, ಅವಸರ ಮಾಡುತ್ತಿರಲಿಲ್ಲ.

"ಅರ್ಜಿಯಲ್ಲಿರೋ ನಂಬರಿಗೆ ನಾವು ಫೋನ್ ಮಾಡಲ್ಲ ಸರ್, ಅದನ್ನ ಯಾರು ಬೇಕಾದ್ರೂ ಬರೀಬಹುದು. ತೆರಿಗೆ ಇಲಾಖೆ ದಾಖಲೆಯಲ್ಲಿರೋ ನಂಬರಿಗೇ ಮಾಡ್ತಿರೋದು. ಮಾಲೀಕರೇನಾ ಮಾತಾಡ್ತಿರೋದು?"

"ಹೌದು, ನಾನೇ."

ಹೊಲಿಗೆ ಯಂತ್ರದ ಮೇಲಿದ್ದ ಅವಳ ಕೈ ನಿಂತಿತು. ಅಣ್ಣತಮ್ಮಂದಿರ ದನಿ ಒಂದೇ ಥರ ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಮಾತ್ರ ಎಂದೂ ಒಪ್ಪಿರಲಿಲ್ಲ.

"ಖಾತೆಯ ಕೊನೆ ನಾಲ್ಕು ಅಂಕೆ ನೀವೇ ಹೇಳಿ ಸರ್. ನಾನು ಓದಿ ಹೇಳೋ ಹಾಗಿಲ್ಲ."

ಮೈದುನ ಚೀಟಿ ನೋಡಿ ಹೇಳಿದ.

"ಸರಿಯಾಗಿದೆ. ಅಂಗಡಿ ಶುರುವಾಗಿದ್ದು ಯಾವಾಗ?"

"ಮದುವೆ ಆದ ವರ್ಷಾನೇ ಸರ್. ಎರಡು ಸಾಲ ಒಟ್ಟಿಗೇ ಮಾಡಿಬಿಟ್ಟೆ."

ಗುಮಾಸ್ತ ನಕ್ಕ. ಅದು ಗಂಡ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಜೋಕು. ಪ್ರತಿಸಲವೂ ಅವಳು ಒಳಗಿನಿಂದ, 'ತೀರಿಸೋಳು ನಾನು' ಎಂದು ಕೂಗುತ್ತಿದ್ದಳು. ಈಗಲೂ ಬಾಯಿ ತೆರೆದಳು. ಆದರೆ ಬಂದ ಮಾತು ಬೇರೆ.

"ಅವರಿಲ್ಲ. ತೀರಿಕೊಂಡಿದ್ದಾರೆ."

ಮೈದುನ ಫೋನಿನ ಕಡೆ ಕೈ ಚಾಚಿದ. ಅವಳು ಅದನ್ನು ತನ್ನತ್ತ ಎಳೆದುಕೊಂಡಳು.

"ಅಮ್ಮಾ," ಗುಮಾಸ್ತ ತಡವರಿಸಿದ, "ಮತ್ತೆ ಈಗ ಮಾತಾಡಿದ್ದು?"

"ಅವರ ತಮ್ಮ. ನಾನು ಹೆಂಡತಿ."

"ಈ ಅರ್ಜಿ ಇಲ್ಲಿಗೆ ನಿಲ್ಲಿಸಬೇಕಾಗುತ್ತೆ. ಆಗಿದ್ದನ್ನ ನಾನು ಬರೀಲೇಬೇಕು."

"ಬರ್ಕೊಳ್ಳಿ."

ಮೈದುನ ಎದ್ದು ನಿಂತ. "ನಿಮಗೋಸ್ಕರ ಮಾಡಿದ್ದಕ್ಕೆ ನನ್ನನ್ನೇ ಕಳ್ಳ ಮಾಡಿದ್ರಲ್ಲ!" ಎಂದವನು ವ್ಯಾನಿನ ಬಾಗಿಲನ್ನು ಬೀದಿಗೆಲ್ಲ ಕೇಳಿಸುವಂತೆ ಬಡಿದುಕೊಂಡು ಹೋದ. ಅವನಿಗೆ ನೋವಾಗಿದೆ ಎಂದು ಅವಳಿಗೆ ತಿಳಿಯಿತು. ಮರುಕ ಮಾತ್ರ ಎಲ್ಲಿಂದಲೂ ಹುಟ್ಟಲಿಲ್ಲ.

ಆಸ್ಪತ್ರೆಯಿಂದ ಕರೆ ಬಂದಾಗ ಹೋದಳು. ನೆಲಮಾಳಿಗೆಯ ಕೋಣೆ, ತಲೆಯ ಮೇಲೆ ಗುಂಯ್ ಎನ್ನುವ ಟ್ಯೂಬ್‌ಲೈಟು. ಗುಮಾಸ್ತ ಎದ್ದು ಕುರ್ಚಿ ಕೊಟ್ಟ. ಪಕ್ಕದಲ್ಲಿ ಅವನ ಮೇಲಿನ ಅಧಿಕಾರಿ, ಕನ್ನಡಕದ ಹೆಂಗಸು. ಗುಮಾಸ್ತ ಪರಿಶೀಲಿಸಿದ್ದನ್ನು ಅಧಿಕಾರಿ ನೋಡಿ ಒಪ್ಪಿದರೆ ಮಾತ್ರ ಪೂರೈಕೆದಾರರ ಪಟ್ಟಿಗೆ ಹೆಸರು ಸೇರುತ್ತಿತ್ತು.

"ಬೇರೆಯವರ ಹೆಸರಲ್ಲಿ ಮಾತಾಡಿದವರನ್ನ ನಾವು ಹತ್ತಿರ ಸೇರಿಸಲ್ಲ," ಅಧಿಕಾರಿ ಹೇಳಿದಳು. "ಆದ್ರೆ ಅದೇ ಫೋನಲ್ಲೇ ನೀವು ನಿಜ ಹೇಳಿದ್ರಿ. ಅದಕ್ಕೇ ಕರೆಸಿದ್ದು."

"ಈಗ ಏನ್ಮಾಡ್ಬೇಕು?"

"ನಿಮ್ಮ ಯಜಮಾನರ ನೋಂದಣಿ ಅವರೊಬ್ಬರದು. ಅದು ನಿಮಗೆ ಬರಲ್ಲ. ಮರಣ ಪ್ರಮಾಣಪತ್ರ ಕೊಟ್ಟು ಅದನ್ನ ರದ್ದು ಮಾಡಿಸಿ, ನಿಮ್ಮ ಹೆಸರಲ್ಲಿ ಹೊಸದು ತಗೊಳ್ಳಿ. ಬ್ಯಾಂಕ್ ಖಾತೆನೂ ಅದೇ ಹೆಸರಲ್ಲಿರಬೇಕು. ಆಮೇಲೆ ಹೊಸ ಅರ್ಜಿ. ಅಲ್ಲಿವರೆಗೂ ಪರದೆ ಕಳಿಸ್ಬೇಡಿ, ಬಿಲ್ಲೂ ಬರೀಬೇಡಿ."

ಗುಮಾಸ್ತ ದನಿ ತಗ್ಗಿಸಿದ. "ಆ ಖಾತೆಗೆ ನಾವು ದುಡ್ಡು ಹಾಕಿದ್ರೂ, ಬ್ಯಾಂಕಿಗೆ ವಿಷಯ ತಿಳಿದ ದಿನ ಅದನ್ನ ತಡೆಹಿಡೀತಾರಮ್ಮ. ಬಿಡಿಸಿಕೊಳ್ಳೋಕೆ ಓಡಾಡೋರು ನೀವೇ."

ಅವಳು ತಲೆಯಾಡಿಸಿದಳು. ಗಂಡನನ್ನು ರದ್ದು ಮಾಡಿಸಬೇಕು ಎಂಬ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತಿತು. ಆದರೆ ಎಲ್ಲಿಯೂ ಚುಚ್ಚಲಿಲ್ಲ.

ತೆರಿಗೆ ಕಚೇರಿ, ಬ್ಯಾಂಕು, ಮತ್ತೆ ತೆರಿಗೆ ಕಚೇರಿ. ಓಡಾಡಿ ಓಡಾಡಿ ಚಪ್ಪಲಿ ಸವೆಯಿತು. ಹೊಸ ನೋಂದಣಿ ಬಂತು, ಖಾತೆಯೂ ಆಯಿತು. ಆಗ ಗುಮಾಸ್ತನೇ ಫೋನು ಮಾಡಿದ: ನೋಂದಣಿಯಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರಿದೆ, ಬ್ಯಾಂಕಿನಲ್ಲಿ ಗಂಡನ ಹೆಸರು. ಎರಡೂ ಒಂದೇ ಇರಬೇಕು. ಯಾವುದನ್ನು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದ. ನಾಳೆ ಹೇಳುತ್ತೇನೆ ಎಂದು ಅವಳು ಫೋನು ಇಟ್ಟಳು. ರಾಶಿ ಬಿದ್ದ ಪರದೆಗಳನ್ನು ಒಂದೊಂದಾಗಿ ಮಡಿಚಿಟ್ಟಳು. ಕೊನೆಗೆ ಬ್ಯಾಂಕಿಗೆ ಹೋಗಿ ಅಪ್ಪನ ಹೆಸರನ್ನೇ ಹಾಕಿಸಿದಳು. ಅಲ್ಲಿ ತಿದ್ದುವುದು ಸುಲಭ ಎಂದು ಕೌಂಟರಿನವನು ಹೇಳಿದ್ದ, ಅದೊಂದೇ ಕಾರಣ.

ಪರಿಶೀಲನೆ ಮುಗಿದು, ಖರೀದಿ ಆದೇಶ ಅವಳ ಹೆಸರಿಗೆ ಬಂತು. ಪರದೆ ಸಾಗಿಸಲು ವ್ಯಾನು ಬೇಕಾಗಿತ್ತು. ತಾನೇ ಮೈದುನನ ಮನೆಗೆ ಹೋದಳು.

"ಬಾಡಿಗೆ ಕೊಡ್ತೀನಿ, ಬರ್ತೀಯಾ?"

ಅವನು ಅವಳ ಮುಖವನ್ನೇ ನೋಡಿದ. "ಊಟ ಮಾಡ್ತಿದ್ದೀರಾ ಅತ್ತಿಗೆ? ಮುಖ ನೋಡಿ, ಹೆಂಗಾಗಿದೆ." ಒಳಗೆ ಹೋಗಿ ಕೀಲಿ ತಂದ.

ಆಸ್ಪತ್ರೆಯ ವಾರ್ಡಿನ ದಾದಿ, ಒಂದನ್ನು ಕಟ್ಟಿ ತೋರಿಸಿ ಎಂದಳು. ಅವಳು ಸ್ಟೂಲು ಹತ್ತಿ ಕೊಕ್ಕೆಗಳನ್ನು ಸರಳಿಗೆ ಸಿಕ್ಕಿಸಿದಳು. ಅಳತೆ ಸರಿಯಾಗಿತ್ತು. ಹಾಸಿಗೆಯಲ್ಲಿ ಮಲಗಿದ್ದ ಮುದುಕಿ ಕಣ್ಣು ಬಿಟ್ಟು ಹೇಳಿದಳು: "ಪೂರ್ತಿ ಮುಚ್ಚಬೇಡ ಕಣಮ್ಮ. ಆ ಕಡೆ ಕಿಟಕಿ ಇದೆ."

ಅವಳು ಪರದೆಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದಳು. "ಇಷ್ಟು ಸಾಕಾ ಅಜ್ಜಿ?"

"ಇನ್ನೊಂಚೂರು."

ಇನ್ನೊಂಚೂರು ಸರಿಸಿ, ಕೆಳಗಿಳಿದು, ಬಿಲ್ಲು ಕೊಡಲು ನೆಲಮಾಳಿಗೆಯ ಮೆಟ್ಟಿಲ ಕಡೆ ಹೊರಟಳು.