ಅಪ್ಪ ಊದಿದ ಚುಕ್ಕೆ

ಅಪ್ಪ ಆರ್ವೋ ನೀಮಿ ತೀರಿಕೊಂಡು ಒಂಬತ್ತು ದಿನವಾಗಿತ್ತು. ವಾಂಡಾಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ನೆರೆಯವರು ತಂದಿಟ್ಟದ್ದನ್ನು ತಿಂದಳು, ಪಾತ್ರೆ ತೊಳೆದು ಹಿಂದಿರುಗಿಸಿದಳು, ಅಷ್ಟೇ. ಒಳಗೆಲ್ಲ ಜೋಮು ಹಿಡಿದಂತಿತ್ತು.

ನಾಳೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಶಾಲೆಯ ಹಾಕಿ ತಂಡದ ಫೋಟೊ. ಮೂವತ್ತೊಂದು ವರ್ಷ ಅಪ್ಪ ತೆಗೆದದ್ದು. ಈ ಸಲ ಅವನ ಕ್ಯಾಮೆರಾದಲ್ಲಿ ಅವಳು ತೆಗೆಯಬೇಕು. ಆದರೆ ಅಪ್ಪನ ಕೊನೆಯ ಚಿತ್ರಗಳಲ್ಲೆಲ್ಲ ಆಕಾಶದ ಬಲಮೂಲೆಯಲ್ಲಿ ಮೂರು ಮಸುಕು ಚುಕ್ಕೆ. ಲೆನ್ಸ್ ಬದಲಿಸಿದರೂ ಅದೇ ಜಾಗ. ಹಾಗಾಗಿ ಡುಲೂತ್ ಪಟ್ಟಣದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಗಸ್ ಬಳಿಗೆ ಬಂದಿದ್ದಳು.

ಅಪ್ಪನ ಗೆಳೆಯ ಗಸ್ ಬೆಳಕು ಒಳಬಿಡುವ ಕಿಂಡಿ ಅಪರ್ಚರನ್ನು ಎಫ್-ಇಪ್ಪತ್ತೆರಡಕ್ಕೆ ಕಿರಿದು ಮಾಡಿ, ಫೋಕಸ್ ಕೆಡಿಸಿ, ಕಿಟಕಿಯಾಚೆಯ ಬಿಳಿ ಆಕಾಶದ ಚಿತ್ರ ತೆಗೆದ. ಪರದೆಯಲ್ಲಿ ಚುಕ್ಕೆಗಳು ಗಾಢವಾದವು.

"ಅಪರ್ಚರ್ ಅಗಲಿಸಿದ್ರೆ ಮಾಯ ಆಗ್ತವೆ. ಆದ್ರೆ ನಾಳೆ ಹಿಂದಿನ ಸಾಲಿನವ್ರೂ ಚೆನ್ನಾಗಿ ಕಾಣ್ಬೇಕಲ್ಲ, ಅದಕ್ಕೆ ಕಿರಿದೇ ಇರ್ಬೇಕು?"

"ಕಾಣ್ಬೇಕು."

ಗಸ್ ಪೂರ್ತಿ ಚಾರ್ಜಾದ ಬ್ಯಾಟರಿ ಹಾಕಿ, ಚಿತ್ರ ಹಿಡಿಯುವ ಸೆನ್ಸರನ್ನು ಶುಚಿ ಮಾಡುವ ಮೋಡ್‌ಗೆ ಇಟ್ಟು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಬುರುಡೆಯಿಂದ ಗಾಳಿ ಹೊಡೆದ. ಮತ್ತೆ ಪರೀಕ್ಷೆ. ಎರಡು ಚುಕ್ಕೆ ಹೋದವು. ಒಂದು ಕದಲಲಿಲ್ಲ. ಗಸ್ ಭೂತಗನ್ನಡಿಯಲ್ಲಿ ಸೆನ್ಸರಿನ ಕೆಳಭಾಗ ನೋಡಿದ; ಚಿತ್ರದ ಮೇಲಿನದು ಅಲ್ಲಿ ಕೆಳಗಿರುತ್ತದೆ.

"ಇದು ಧೂಳಲ್ಲ ಕಣಮ್ಮ. ಒಣಗಿದ ಎಂಜಲು."

ವಾಂಡಾಗೆ ಅರ್ಥವಾಯಿತು. ಫಿಲ್ಮ್ ಕಾಲದ ಚಾಳಿ: ಲೆನ್ಸ್ ತೆಗೆದಾಗೆಲ್ಲ ಅಪ್ಪ ಒಳಗೆ ಉಫ್ ಎಂದು ಊದುತ್ತಿದ್ದ. ಬಾಯಲ್ಲಿ ಊದಬೇಡ ಅಂತ ನೂರು ಸಲ ಬೈದಿದ್ದಳು.

"ಮುದುಕ ಯಾರ ಮಾತೂ ಕೇಳ್ಲಿಲ್ಲ," ಎಂದ ಗಸ್. "ಇದಕ್ಕೆ ದ್ರವ ಹಾಕಿ ಒರೆಸ್ಬೇಕು. ಎರಡು ಸಲಕ್ಕೂ ಹೋಗ್ಲಿಲ್ಲ ಅಂದ್ರೆ ಕಂಪನಿಗೆ ಕಳಿಸೋದು, ಮೂರು ವಾರ." ಭೂತಗನ್ನಡಿ ಕೆಳಗಿಟ್ಟ. "ಬೇಡ ಅಂದ್ರೆ ಹಾಗೇ ಬಿಡ್ತೀನಿ. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರದಿಂದ ಅಳಿಸ್ಕೋ."

ಅದು ಅಪ್ಪನ ಉಸಿರು ಬಿಟ್ಟುಹೋದ ಗುರುತು. ಅದಕ್ಕೂ ಅವಳಿಗೆ ಏನೂ ಅನಿಸಲಿಲ್ಲ.

"ಕೊಡಿ, ನಾನೇ ಒರೆಸ್ತೀನಿ."

ಸೆನ್ಸರಿನಷ್ಟೇ ಅಗಲದ ಒರೆಸುಕಡ್ಡಿಗೆ ಗಸ್ ಎರಡು ಹನಿ ಹಾಕಿಕೊಟ್ಟ. ಅವಳು ಒತ್ತದೆ, ಎತ್ತದೆ, ಆ ಕಡೆಯಿಂದ ಈ ಕಡೆಗೆ ಒಮ್ಮೆ ಎಳೆದಳು. ಕಡ್ಡಿ ತಿರುಗಿಸಿ ಮತ್ತೊಮ್ಮೆ ಎಳೆದಳು. ಪರೀಕ್ಷೆಯ ಚಿತ್ರದಲ್ಲಿ ಆಕಾಶ ಬರೀ ಬಿಳಿ.

"ನಿಮ್ಮಪ್ಪನಿಗಿಂತ ನಿನ್ನ ಕೈ ವಾಸಿ," ಎಂದ ಗಸ್.

ಕಡ್ಡಿಯನ್ನು ಬುಟ್ಟಿಗೆಸೆದು, ಕ್ಯಾಮೆರಾ ಹೆಗಲಿಗೇರಿಸಿ ಬಾಗಿಲ ತನಕ ಹೋದಳು. ಅಲ್ಲಿಂದ ತಿರುಗಿ ಬಂದು ಬುಟ್ಟಿಯೊಳಗೆ ಕೈ ಹಾಕಿದಳು. ಕಡ್ಡಿಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. ಯಾವ ಬದಿಯಲ್ಲೂ ಏನೂ ಇರಲಿಲ್ಲ.

"ಗಸ್," ಎಂದಳು, "ಎಲ್ಲಿ ಹೋಯ್ತು ಅದು?"

ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.