ಮೂರು ಏಜೆನ್ಸಿ, ಒಂದೇ ಕುರ್ಚಿ

ಬೀದರ್‌ನ ಕಚೇರಿಯಲ್ಲಿ ಲ್ಯಾಬ್ ಕೆಲಸಕ್ಕೆ ಜನರನ್ನು ಆರಿಸುವ ಮಚ್ಛೇಂದ್ರ, ಮಹಾಮಾಯಾಳ ಬಯೋಡಾಟಾ ಮೇಲೆ ಪೆನ್ನು ಕುಟ್ಟಿದ.

"ಮೂರು ವರ್ಷಕ್ಕ ಮೂರು ಕಂಪನಿ ಏನ್ರಿ ಮೇಡಂ? ಮಂಗ್ಯಾ ಸುದ್ದಾ ಒಂದು ಗಿಡದಾಗ ಇದಕ್ಕಿಂತ ಹೆಚ್ಚು ದಿನ ಕೂಡ್ತದ."

ಮಹಾಮಾಯಾಳ ಮೈ ಉರಿಯಿತು. ಹಿಂದಿನ ಸಂದರ್ಶನಗಳಲ್ಲೂ ಇದೇ ಪ್ರಶ್ನೆ ಬಂದಿತ್ತು. ಅಲ್ಲೆಲ್ಲ ತನ್ನನ್ನು ಕೆಲಸಕ್ಕಿಟ್ಟುಕೊಂಡ ಗುತ್ತಿಗೆ ಏಜೆನ್ಸಿಗಳನ್ನು ಬೈದು, ಬೈದಷ್ಟೂ ಎದುರಿನವರ ಮುಖ ಗಂಟಾಗುವುದನ್ನು ನೋಡಿ, ಬರಿಗೈಯಲ್ಲಿ ಭಾಲ್ಕಿಗೆ ಮರಳಿದ್ದಳು. ಈ ಸಲ ಸಿಟ್ಟನ್ನು ನುಂಗಿದಳು.

"ನಾ ಜಿಗದಿಲ್ರಿ ಸರ್. ಭಾಲ್ಕಿ ಆಸ್ಪತ್ರಿ ಲ್ಯಾಬಿನಾಗ ಮೂರು ವರ್ಷ ಒಂದೇ ಕುರ್ಚಿ ಮ್ಯಾಲ ಕೂತೀನಿ. ವರ್ಷಾ ಟೆಂಡರ್ ಆಗ್ತದ, ಏಜೆನ್ಸಿ ಬದಲಾಗ್ತದ, ಪಗಾರ ಚೀಟಿ ಮ್ಯಾಲಿನ ಹೆಸರೂ ಬದಲಾಗ್ತದ. ಬೇಕಾದ್ರ ಅಲ್ಲಿ ಡಾಕ್ಟರಿಗಿ ಕೇಳ್ರಿ, ನಂಬರ್ ಕೊಡ್ತೇನಿ."

ಮಚ್ಛೇಂದ್ರ ಅಲ್ಲೇ ಫೋನು ಹಚ್ಚಿ ಕೇಳಿದ. ಅವನ ದನಿ ಮೆತ್ತಗಾಯಿತು.

"ಮತ್ತ ಮೂರು ನೌಕರಿ ಅಂತ ಯಾಕ ಬರದೀರಿ? ಮ್ಯಾಲ ಆಸ್ಪತ್ರಿ ಹೆಸರು ಹಾಕಬೇಕು, ಅದರ ಕೆಳಗ ಏಜೆನ್ಸಿಗೋಳು."

"ಪಗಾರ ಚೀಟಿ ನೋಡಿ ಬರದೀನ್ರಿ."

"ಇರಲಿ. ಔರಾದ್ ಲ್ಯಾಬಿಗಿ ನಿಮ್ಮಂಗ ನೆಟ್ಟಗ ನಿಲ್ಲೋ ಮಂದೀನೇ ಬೇಕು. ಇಲ್ಲಿ ಸಹಿ ಮಾಡ್ರಿ."

ಮಹಾಮಾಯಾ ಕಾಗದ ಓದಿದಳು. ಮೇಲೆ ಇನ್ನೊಂದು ಏಜೆನ್ಸಿಯ ಹೆಸರಿತ್ತು.

"ಇದು ಎಷ್ಟು ದಿನಕ್ಕರಿ?"

"ಹನ್ನೊಂದು ತಿಂಗಳು. ಆಮ್ಯಾಲ ಟೆಂಡರ್ ನೋಡಬೇಕು."

ಅವನು ಚಾಚಿದ ಪೆನ್ನನ್ನು ಅವಳು ಮುಟ್ಟಲಿಲ್ಲ.

"ಮೊದಲ ನಿಮ್ಮ ನಂಬರ್ ಕೊಡ್ರಿ ಸರ್. ಹನ್ನೊಂದು ತಿಂಗಳ ಮ್ಯಾಲ ಮುಂದಿನ ಇಂಟರ್ವ್ಯೂದಾಗ ಕೇಳಿದ್ರ, ಇದನ್ನೂ ಯಾಕ ಬಿಟ್ಟಾಳಂತ ನೀವೇ ಹೇಳ್ರಿ."