ಹದಿನೆಂಟು ಮಾಳಿಗೆಯ ಗಾಳಿ ಪೈಪು

ನನ್ನ ಬಾಯಿ ಮೊದಲಿನಿಂದಲೂ ಜೋರು. ಅವತ್ತು ಬೊಂಬಾಯಿಯ ಆ ಹದಿನೆಂಟು ಮಾಳಿಗೆಯ ಬಿಲ್ಡಿಂಗಿನಲ್ಲಿ ಇಂಜಿನಿಯರ್ ಶಮಶಾದಬಾಯಿಯ ಮೇಲೆ ಹರಿಹಾಯ್ದಿದ್ದೂ ಆ ಬಾಯಿಂದಲೇ.

ಪೈಪಿನ ಗುತ್ತಿಗೆ ನನ್ನದು. ಜೋಡಣೆ ನಮ್ಮ ನಾಗಣ್ಣ ಕಾಕಾನದು. ಅಪ್ಪ ಹೋದ ಮೇಲೆ ಆಳಂದದಲ್ಲಿ ನನ್ನನ್ನು ಸಾಕಿ, ಪೈಪಿನ ಸಂದಿಗೆ ಸೀಸ ಹೊಯ್ದು ಜೋಡಿಸುವುದನ್ನು ಕಲಿಸಿದವನು ಅವನೇ. ಶಮಶಾದಬಾಯಿ ಅಫಜಲಪುರದ ಹುಡುಗಿ. ಸಂಡಾಸು, ಬಚ್ಚಲಿನ ಪೈಪು, ಅವುಗಳ ಜೊತೆ ತಾರಸಿಯವರೆಗೆ ಹೋಗುವ ಗಾಳಿ ಪೈಪು, ಎಲ್ಲದರ ಅಳತೆ ಅವಳದು.

ಅವತ್ತು ಅವಳು ಒಂದು ಪರೀಕ್ಷೆ ಇಟ್ಟಳು. ಮೇಲಿನ ಮೂರು ಮಾಳಿಗೆಗಳ ಸಂಡಾಸಿನ ನೀರನ್ನು ಒಮ್ಮೆಗೇ ಬಿಡಿಸಿದಳು. ಹದಿನಾಲ್ಕನೆಯ ಮಾಳಿಗೆಯಲ್ಲಿ ಅವಳು, ನಾನು, ಕಾಕಾ ನಿಂತಿದ್ದೆವು. ಬಚ್ಚಲಿನ ನೀರು ಇಳಿಯುವ ಜಾಲಿಯ ಕೆಳಗೆ ಗೊಳಗೊಳ ಎಂದು ಸದ್ದಾಯಿತು. ಅವಳು ಕಡ್ಡಿ ಇಳಿಸಿ ನೋಡಿದಳು. ಜಾಲಿಯ ಕೆಳಗಿನ ಸೊಟ್ಟ ಪೈಪಿನಲ್ಲಿ ಯಾವಾಗಲೂ ನಿಂತಿರಬೇಕಾದ ಎರಡಿಂಚು ನೀರಿನಲ್ಲಿ ಕಡ್ಡಿಯ ತುದಿ ನೆನೆಯುವಷ್ಟೂ ಉಳಿದಿರಲಿಲ್ಲ. ಗಟಾರದ ಹೊಲಸು ಗಾಳಿ ಮನೆಯೊಳಗೆ ಬರದಂತೆ ತಡೆಯುವುದೇ ಆ ನೀರು. ಸ್ವಲ್ಪ ಹೊತ್ತಿಗೆ ವಾಸನೆ ಮೂಗಿಗೆ ಬಡಿಯಿತು.

ಜೊತೆಗಿದ್ದ ಬಿಲ್ಡಿಂಗಿನ ಮಾಲಕ ಸೇಠ ಮೂಗು ಮುಚ್ಚಿಕೊಂಡೇ ಹೇಳಿದ, ತಪ್ಪು ಯಾರದೋ ಅವರು ಇವತ್ತೇ ಕೆಲಸ ಬಿಟ್ಟು ಹೋಗಬೇಕು ಎಂದು. ಹೇಳಿ ಕೆಳಗಿಳಿದ.

ನನಗೆ ಕಾಕಾನ ಮುಖ ಕಂಡಿತು. ಜೋಡಣೆಯ ತಪ್ಪೆಂದರೆ ಹೋಗಬೇಕಾದವನು ಅವನೇ. ಈ ವಯಸ್ಸಿನಲ್ಲಿ ಅವನನ್ನು ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆ?

"ತಪ್ಪು ನಿಮ್ದೇರಿ ಬಾಯಿ! ಇಷ್ಟು ಎತ್ತರದ ಬಿಲ್ಡಿಂಗಿಗೆ ಮೂರಿಂಚಿನ ಗಾಳಿ ಪೈಪು ಸಾಲ್ತದೇನ್ರಿ? ನಾಕಿಂಚು ಹಾಕ್ಬೇಕಿತ್ತು!" ಎಂದು ಹರಿಹಾಯ್ದೆ.

"ಸಂಡಾಸು ಎಷ್ಟು, ಪೈಪಿನ ಉದ್ದ ಎಷ್ಟು, ಎರಡೂ ನೋಡೇ ಅಳತಿ ಹಾಕೇನಿ ಚಂದ್ರಾಮಪ್ಪ. ಕುಣೀಲಿಕ್ಕ ಬರದಾಕಿ ನೆಲ ಡೊಂಕು ಅಂದಳಂತ. ಮೊದಲು ಕೆಳಗಿನ ಗಟಾರದ ಚೇಂಬರ್ ನೋಡಿಸ್ರಿ, ನೀರು ತಡೀತೇನು?"

ಆಳನ್ನು ಕಳಿಸಿ ನೋಡಿಸಿದೆ. ತಡೆದಿರಲಿಲ್ಲ. ನೀರು ಸರಾಗವಾಗಿ ಹೋಗಿತ್ತು.

"ಅಂದ್ರ ನೀರಿಂದು ಅಲ್ಲ, ಗಾಳಿದು ತಕರಾರು," ಅಂದಳು. "ಬೀಳೋ ನೀರು ತನಗಿಂತ ಎಷ್ಟೋ ಪಟ್ಟು ಗಾಳಿ ಎಳಕೊಂಡು ಹೋಗ್ತದ. ಮೇಲಿಂದ ಆ ಗಾಳಿ ಸಿಗಲಿಲ್ಲಂದ್ರ ಎಲ್ಲಿಂದ ತಗೋತದ? ಮನಿ ಮನಿ ಸೊಟ್ಟ ಪೈಪಿನ ನೀರು ಹೀರಿ, ಅಲ್ಲಿಂದ."

ತಾರಸಿಗೆ ಹತ್ತಿದೆವು. ಮಲದ ಪೈಪೂ ಗಾಳಿ ಪೈಪೂ ಮೇಲೆ ಕೂಡಿ ಒಂದೇ ಬಾಯಿ ಆಗಿದ್ದವು, ಅದರ ಮೇಲೆ ಜಾಳಿಗೆಯ ಟೋಪಿ. ಅವಳು ಊದಿನಕಡ್ಡಿ ಹಚ್ಚಿ ಹತ್ತಿರ ಹಿಡಿದು ನೀರು ಬಿಡಿಸಿದಳು. ಪೈಪು ಹೊಗೆಯನ್ನು ಒಳಗೆ ಸೆಳೆದುಕೊಳ್ಳಬೇಕಿತ್ತು. ಹೊಗೆ ಅಲ್ಲಾಡಲೇ ಇಲ್ಲ, ನೆಟ್ಟಗೆ ಮೇಲಕ್ಕೆ ಹೋಯಿತು.

ನಾನು ಟೋಪಿ ಕಿತ್ತೆ. ಅಯ್ಯ ಶಿವನೇ! ಒಳಗೆ ನಾಲ್ಕು ಮಡಿಕೆಯ ಬಟ್ಟೆ. ಸಿಮೆಂಟಿನ ಧೂಳೂ ಮಳೆಯೂ ಕೂಡಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು.

"ಯಾವ ಭಾಡ್ಯಾ ಕಟ್ಟಿದ್ದು ಇದು?" ಎಂದು ಚೀರಿದೆ.

"ನಾನs ಲೇ," ಅಂದ ಕಾಕಾ, ಯಾವ ಅಂಜಿಕೆಯೂ ಇಲ್ಲದೆ. "ಆಳಂದದಾಗ ಗುಂಡಿ ಪೈಪಿಗೆ ಅರಿವಿ ಕಟ್ಟೂದಿಲ್ಲೇನು? ಇಲ್ಲಂದ್ರ ಸೊಳ್ಳಿ ಹೊರಗ ಬಂದು ಮಂದಿ ಕಚ್ಚತಾವ. ವಾಸನಿ ಹೋಗೂ ಪೈಪಿಗೆ ಅಷ್ಟು ಸಾಕು."

ಅವನ ಪಾಲಿಗೆ ಗಾಳಿ ಪೈಪೆಂದರೆ ಊರಿನ ಸಂಡಾಸಿನ ಗುಂಡಿಯ ಪೈಪು. ಒಳಗಿನದು ಹೊರಗೆ ಬಿಡುವುದಷ್ಟೇ ಅದರ ಕೆಲಸ, ಹೊರಗಿನ ಗಾಳಿ ಒಳಗೆ ಬರಬೇಕು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಶಮಶಾದಬಾಯಿ ಬಟ್ಟೆ ಕಿತ್ತು ಬಿಸಾಡಿ ಮತ್ತೆ ನೀರು ಬಿಡಿಸಿದಳು. ಊದಿನಕಡ್ಡಿಯ ಹೊಗೆ ಸರಕ್ಕನೆ ಒಳಗಿಳಿಯಿತು. ಕೆಳಗೆ ಹೋಗಿ ಜಾಲಿಗೆ ನೀರು ತುಂಬಿ ಮತ್ತೊಮ್ಮೆ ಪರೀಕ್ಷಿಸಿದೆವು. ಒಂದೂವರೆ ಇಂಚಿಗಿಂತ ಹೆಚ್ಚೇ ಉಳಿಯಿತು, ವಾಸನೆ ತಡೆಯಲು ಅಷ್ಟು ಸಾಕು. ಅವಳು ನನ್ನ ಕಡೆ ನೋಡಿ ಮೆಲ್ಲಗೆ ಅಂದಳು, "ಬಟ್ಟಿ ಗಾಳಿಗೆ ಹಾರಿ ಬಂದು ಸಿಕ್ಕಿತ್ತು ಅಂತೇನಿ ಸೇಠಗ. ಕಾಕಾ ಇರಲಿ."

ನನಗೆ ಅವಳ ಕಾಲು ಹಿಡಿಯಬೇಕೆನಿಸಿತು. ಅಷ್ಟೊತ್ತು ಬೈದವನು ನಾನೇ. ಕಣ್ಣು ತುಂಬಿ ಬಂತು.

ಆ ಮಾತು ಕಾಕಾನ ಕಿವಿಗೂ ಬಿತ್ತು, ಸರಿಬರಲಿಲ್ಲ. ಮುಖ ಗಂಟಿಕ್ಕಿ ಅಂದ:

"ಹಾರಿ ಯಾಕ ಬರ್ತದವ್ವಾ? ನಾನs ಕಟ್ಟೇನಿ. ಇದೊಂದಕ್ಕs ಅಲ್ಲ, ನಮ್ಮ ಚಂದ್ರ್ಯಾ ಗುತ್ತಿಗಿ ಹಿಡಿದ ಎಲ್ಲಾ ಬಿಲ್ಡಿಂಗಿಗೂ ಕಟ್ಟೇನಿ. ಒಂದೂ ಬಿಟ್ಟಿಲ್ಲ."

ಆ ಬಿಲ್ಡಿಂಗುಗಳಲ್ಲಿ ಮಂದಿ ಬಂದು ಇದ್ದಾರೆ. ಕೂಸುಗಳಿದ್ದಾವೆ. ಅಲ್ಲಿ ನೀರು ಸೋರುತ್ತದೋ ಇಲ್ಲವೋ ಎಂದಷ್ಟೇ ನೋಡಿ ಕೀಲಿ ಕೊಟ್ಟಿದ್ದರು, ಇಂಥ ಪರೀಕ್ಷೆ ಯಾರೂ ಮಾಡಿರಲಿಲ್ಲ.

ಅಲ್ಲೆಲ್ಲ ಟೋಪಿ ಬಿಚ್ಚಿ ಬಟ್ಟೆ ಕೀಳಬೇಕು, ಇನ್ನು ಮುಚ್ಚಿಡಲಾಗದು ಎಂದು ಶಮಶಾದಬಾಯಿಯ ಮುಖ ನೋಡಿದರೇ ತಿಳಿಯುತ್ತಿತ್ತು, ನನಗೂ ತಿಳಿದಿತ್ತು.

"ಯಾಕೋ ಚಂದ್ರ್ಯಾ, ಹಿಂಗ್ಯಾಕ ನಿಂತಿ?" ಕಾಕಾ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಹೇಳೋ, ನಾನs ಕಟ್ಟೇನಿ ಅಂತ ಸೇಠಗ ಹೇಳು."

ಹೇಳಲು ನಾನೇ ಕೆಳಗಿಳಿದೆ.